ಬಟ್ಟೆಯ ಬಣ್ಣ ಬದಲಿಸುವ ಮುನ್ನ ಬೆಳಕನ್ನು ನೋಡಿ

ಬೆಟಗೇರಿಯ ಸೀರೆ ವ್ಯಾಪಾರಿಗಳಿಗೂ ಗದಗಿನ ಸ್ಟುಡಿಯೊ, ಡಿಟಿಪಿ ಅಂಗಡಿಯವರಿಗೂ ಈಗ ನಂಟು ಹೆಚ್ಚಿದೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಅಂಗಡಿಗಳಿಗೆ ಸೀರೆಯ ಗಂಟು ಹೋಗುವ ಮೊದಲು ಅದರ ಚಿತ್ರ ವಾಟ್ಸಾಪಿನಲ್ಲಿ ಹೋಗಿರುತ್ತದೆ. ಆಗ ಬರುವ ಕೇಳಿಕೆ ಹೆಚ್ಚಾಗಿ ಒಂದೇ: "ಇದs ಸೀರಿ ನವಿಲು ಹಸಿರಿನ್ಯಾಗ ಹೆಂಗ ಕಾಣ್ತದ, ತೋರಸ್ರಿ. ಅರಿಶಿಣ ಬಣ್ಣದಾಗೂ ಒಂದು ಹಾಕ್ರಿ." ಪ್ರತಿ ಬಣ್ಣದ ಸೀರೆಯನ್ನೂ ಉಡಿಸಿ ಫೋಟೊ ತೆಗೆಸುವುದು ದುಬಾರಿ. ಹಾಗಾಗಿ ಒಂದು ಫೋಟೊ ಇಟ್ಟುಕೊಂಡು ಫೋಟೊಶಾಪಿನಲ್ಲಿ ಬಣ್ಣ ಬದಲಿಸುತ್ತಾರೆ.

ಕೆಲಸ ಕೆಡುವುದು ಇಲ್ಲಿಯೇ. ಮರೂನ್ ಸೀರೆ ನವಿಲು ಹಸಿರಿಗೆ ಚೆನ್ನಾಗಿ ತಿರುಗುತ್ತದೆ. ಅದೇ ವಿಧಾನದಲ್ಲಿ ಅರಿಸಿನ ಹಳದಿ ಹಾಕಿದರೆ ಕೆಸರಿನ ಬಣ್ಣ ಬರುತ್ತದೆ. ತಪ್ಪು ಆಯ್ದ ಹಳದಿಯಲ್ಲಿಲ್ಲ, ಆಯ್ದ ಬ್ಲೆಂಡ್ ಮೋಡಿನಲ್ಲಿದೆ. ಲೇಯರ್ ಪಟ್ಟಿಯ ಮೇಲ್ಭಾಗದಲ್ಲಿ ತೆರೆಯುವ ಮೋಡುಗಳ ನಡುವೆ Color, Hue, Multiply, Soft Light ಎಂಬ ನಾಲ್ಕು ಹೆಸರುಗಳಿವೆ. ಬಟ್ಟೆಯ ಬಣ್ಣ ಬದಲಿಸಲು ಹೆಚ್ಚಾಗಿ ಬಳಸುವುದು ಇವನ್ನೇ. ಒಂದೊಂದೂ ಏನನ್ನು ಬದಲಿಸುತ್ತದೆ, ಏನನ್ನು ಮುಟ್ಟುವುದಿಲ್ಲ ಎಂದು ತಿಳಿದರೆ ಯಾವುದನ್ನು ಆರಿಸಬೇಕೆಂಬುದು ಮೊದಲೇ ಗೊತ್ತಾಗುತ್ತದೆ.

ಒಂದು ಬಣ್ಣದಲ್ಲಿ ಮೂರು ಸಂಗತಿ

ಫೋಟೊದ ಯಾವುದೇ ಚುಕ್ಕೆಯ ಬಣ್ಣವನ್ನು ಮೂರು ಸಂಗತಿಗಳಾಗಿ ಬಿಡಿಸಬಹುದು. ಮೊದಲನೆಯದು ವರ್ಣ, ಅಂದರೆ ಅದು ಕೆಂಪೋ, ಹಸಿರೋ, ಹಳದಿಯೋ ಎಂಬುದು. ಎರಡನೆಯದು ತೀವ್ರತೆ, ಅಂದರೆ ಆ ಬಣ್ಣ ಎಷ್ಟು ತುಂಬಿದೆ ಎಂಬುದು. ಬೂದು, ಬಿಳಿ, ಕಪ್ಪಿಗೆ ತೀವ್ರತೆ ಸೊನ್ನೆ. ಮೂರನೆಯದು ಬೆಳಕಿನ ಮಟ್ಟ, ಅಂದರೆ ಕಪ್ಪು ಬಿಳುಪು ಫೋಟೊದಲ್ಲಿ ಅದು ಎಷ್ಟು ತಿಳಿಯಾಗಿ ಕಾಣುತ್ತದೆ ಎಂಬುದು.

ಬೆಳಕಿನ ಮಟ್ಟ ಕಣ್ಣಿಗೆ ಸುಲಭವಾಗಿ ಮೋಸ ಮಾಡುತ್ತದೆ. ಹಳದಿಯೂ ನೀಲಿಯೂ ಪರದೆಯ ಮೇಲೆ ಒಂದೇ ಸಮ ಎದ್ದು ಕಾಣಬಹುದು, ಆದರೆ ಅವುಗಳ ಬೆಳಕಿನಲ್ಲಿ ಬಹಳ ವ್ಯತ್ಯಾಸವಿದೆ. ಕಲರ್ ಮತ್ತು ಹ್ಯೂ ಮೋಡುಗಳು ಬೆಳಕನ್ನು ಅಳೆಯುವ ಲೆಕ್ಕ ಇದು:

```
ಬೆಳಕು = 0.30 × R + 0.59 × G + 0.11 × B
```

ಈ ಲೆಕ್ಕದಲ್ಲಿ ಅಚ್ಚ ಹಳದಿಯ ಬೆಳಕು ಬಿಳಿಯ ಬೆಳಕಿನ ಶೇ. 89ರಷ್ಟು. ಅಚ್ಚ ಕೆಂಪಿನದು ಶೇ. 30, ಅಚ್ಚ ನೀಲಿಯದು ಶೇ. 11 ಮಾತ್ರ. ಮುಂದೆ ಬರುವ ತೊಡಕುಗಳಿಗೆಲ್ಲ ಮೂಲ ಈ ಅಂತರ.

ನಾಲ್ಕು ಮೋಡುಗಳು ಮಾಡುವ ಕೆಲಸ

ಕಲರ್ ಮೋಡು ಮೇಲಿನ ಲೇಯರಿನಿಂದ ವರ್ಣ, ತೀವ್ರತೆ ಎರಡನ್ನೂ ತೆಗೆದುಕೊಳ್ಳುತ್ತದೆ. ಬೆಳಕನ್ನು ಮಾತ್ರ ಕೆಳಗಿನ ಫೋಟೊದಿಂದ ಉಳಿಸಿಕೊಳ್ಳುತ್ತದೆ. ನೆರಿಗೆಯ ನೆರಳು, ಮಡಿಕೆಯ ಹೊಳಪು ಬೆಳಕಿನಲ್ಲೇ ಇರುವುದರಿಂದ ಅವು ಹಾಗೆಯೇ ಉಳಿಯುತ್ತವೆ. ಆದರೆ ಬಟ್ಟೆಯುದ್ದಕ್ಕೂ ತೀವ್ರತೆ ಒಂದೇ ಆಗಿಬಿಡುತ್ತದೆ.

ಹ್ಯೂ ಮೋಡು ವರ್ಣವನ್ನಷ್ಟೇ ಬದಲಿಸುತ್ತದೆ. ತೀವ್ರತೆಯೂ ಬೆಳಕೂ ಮೊದಲಿನ ಬಟ್ಟೆಯವೇ. ಆದ್ದರಿಂದ ಬಿಳಿ, ಕಪ್ಪು, ಬೂದು ನೂಲಿನ ಮೇಲೆ ಇದು ಹೆಚ್ಚು ಕೆಲಸ ಮಾಡುವುದಿಲ್ಲ. ಬಿಳಿ ಅಂಗಿಗೆ ಹ್ಯೂ ಹಾಕಿ ಎಷ್ಟು ಕಾದರೂ ಅಂಗಿ ಬಿಳಿಯಾಗಿಯೇ ಇರುತ್ತದೆ.

ಮಲ್ಟಿಪ್ಲೈ ಎರಡೂ ಲೇಯರಿನ ಅಂಕಿಗಳನ್ನು ಗುಣಿಸಿ 255ರಿಂದ ಭಾಗಿಸುತ್ತದೆ. ನೂಲಿಗೆ ಬಣ್ಣ ಹಾಕುವವರಿಗೆ ಇದು ಹೊಸದಲ್ಲ. ಬಿಳಿ ನೂಲು ಅದ್ದಿದ ಬಣ್ಣವನ್ನೇ ತಾಳುತ್ತದೆ, ಕೆಂಪು ನೂಲನ್ನು ಹಳದಿಯಲ್ಲಿ ಅದ್ದಿದರೆ ಅದು ಹಳದಿಯಾಗುವುದಿಲ್ಲ. ಮಲ್ಟಿಪ್ಲೈ ಬಟ್ಟೆಯನ್ನು ಕಪ್ಪಾಗಿಸಬಲ್ಲದು, ಎಂದೂ ತಿಳಿಯಾಗಿಸಲಾರದು.

ಸಾಫ್ಟ್ ಲೈಟ್ ಇರುವ ಬಣ್ಣವನ್ನು ಸ್ವಲ್ಪ ಏರಿಸುತ್ತದೆ ಅಥವಾ ಇಳಿಸುತ್ತದೆ. ಮೇಲಿನ ಬಣ್ಣ ನಡುಬೂದಿಗಿಂತ ತಿಳಿಯಾಗಿದ್ದರೆ ಬಟ್ಟೆ ಬೆಳಗುತ್ತದೆ, ಕಪ್ಪಾಗಿದ್ದರೆ ಮಬ್ಬಾಗುತ್ತದೆ. ಅಚ್ಚ ಬಿಳಿಯೂ ಅಚ್ಚ ಕಪ್ಪೂ ಇದ್ದಲ್ಲೇ ಇರುತ್ತವೆ. ಬಣ್ಣವನ್ನು ಪೂರ್ತಿ ಬದಲಿಸುವುದು ಇದರ ಕೈಲಾಗದು.

ಒಂದು ಮರೂನ್ ಸೀರೆ, ಎರಡು ಬಣ್ಣ

ಇಳಕಲ್ ಮಾದರಿಯ ಸೀರೆಯೊಂದನ್ನು ಇಟ್ಟುಕೊಳ್ಳೋಣ. ಒಡಲು ಮರೂನ್, ದಡಿಯಲ್ಲಿ ಜರಿ, ಕೆಂಪು ಸೆರಗಿನ ಮೇಲೆ ಬಿಳಿಯ ತೆನೆ. ಒಡಲಿನ ಸಾಧಾರಣ ಬೆಳಕಿನ ಜಾಗದಲ್ಲಿ, ಅಂದರೆ ಹೊಳಪೂ ಇಲ್ಲದ ನೆರಳೂ ಇಲ್ಲದ ಕಡೆ, ಐಡ್ರಾಪರ್ ಇಟ್ಟಾಗ R 120, G 25, B 40 ಸಿಕ್ಕಿತು ಎನ್ನೋಣ. ಲೆಕ್ಕ ಹಾಕಿದರೆ ಇದರ ಬೆಳಕು ಸುಮಾರು 55.

ಗಿರಾಕಿ ಕೇಳಿದ ನವಿಲು ಹಸಿರು R 0, G 95, B 85. ಅದರ ಬೆಳಕು ಸುಮಾರು 65. ಎರಡರ ನಡುವೆ ಹತ್ತರ ಅಂತರವಷ್ಟೇ. ಕಲರ್ ಮೋಡಿನಲ್ಲಿ ಹಾಕಿದರೆ R 0, G 80, B 72 ಬರುತ್ತದೆ. ಕೇಳಿದ್ದಕ್ಕಿಂತ ಒಂದು ಕೂದಲೆಳೆ ಕಪ್ಪು, ಆದರೆ ಅದೇ ನವಿಲು ಹಸಿರು. ಕೆಲಸ ಆಯಿತು.

ಈಗ ಅರಿಸಿನ ಹಳದಿ: R 235, G 180, B 30. ಇದರ ಬೆಳಕು 180. ಮರೂನಿನ 55ಕ್ಕೂ ಇದಕ್ಕೂ 125ರ ಅಂತರ. ಕಲರ್ ಮೋಡು ಬಟ್ಟೆಯ ಬೆಳಕನ್ನು 55ರಿಂದ ಕದಲಿಸುವುದಿಲ್ಲ. ಹಾಗಾಗಿ ಹಳದಿಯನ್ನೇ ಹಿಂಡಿ ಆ ಮಟ್ಟಕ್ಕೆ ಇಳಿಸುತ್ತದೆ. ಸಿಗುವುದು R 75, G 55, B 0, ಹಸಿರು ಮಿಶ್ರಿತ ಕಂದು. ಅಷ್ಟು ಕಡಿಮೆ ಬೆಳಕಿನಲ್ಲಿ ಹಳದಿ ಎಂಬುದೇ ಇಲ್ಲ. ಎಂಥ ಹೊಳೆಯುವ ಹಳದಿಯನ್ನು ಆರಿಸಿದರೂ ಫಲ ಹೆಚ್ಚು ಕಡಿಮೆ ಇದೇ.

ಮಲ್ಟಿಪ್ಲೈಗೆ ಬದಲಿಸಿದರೆ ಇನ್ನೂ ಕೆಡುತ್ತದೆ. R 111, G 18, B 5 ಬರುತ್ತದೆ, ಸೀರೆ ಮೊದಲಿಗಿಂತ ಕಪ್ಪಾದ ಕೆಂಪು. ಸಾಫ್ಟ್ ಲೈಟೂ ಉಪಯೋಗಕ್ಕೆ ಬಾರದು. ಸುಲಭವಾಗಿದ್ದ ನವಿಲು ಹಸಿರನ್ನೇ ಅದರಲ್ಲಿ ಹಾಕಿ ನೋಡಿ, ಮರೂನು R 56, G 19, B 29 ಆಗಿ ಇನ್ನಷ್ಟು ಕಂದುತ್ತದೆಯೇ ಹೊರತು ಹಸಿರಾಗುವುದಿಲ್ಲ.

ಆರಿಸುವ ಮೊದಲು ಒಂದು ಪರೀಕ್ಷೆ

ಪ್ರತಿ ಸಲವೂ ಕಾಗದ ಹಿಡಿದು ಲೆಕ್ಕ ಹಾಕಬೇಕಿಲ್ಲ. ಫೋಟೊದ ಮೇಲೆ, ಸೀರೆಯ ಪಕ್ಕದಲ್ಲಿ, ಗಿರಾಕಿ ಕೇಳಿದ ಬಣ್ಣದ ಒಂದು ಸಣ್ಣ ಚೌಕ ಎಳೆಯಿರಿ. ಎಲ್ಲಕ್ಕಿಂತ ಮೇಲೆ ಬೂದು ಬಣ್ಣದ ಒಂದು Solid Color ಲೇಯರ್ ಹಾಕಿ, ಅದರ ಮೋಡನ್ನು Color ಮಾಡಿ. ಇಡೀ ಚಿತ್ರ ಕಪ್ಪು ಬಿಳುಪಾಗುತ್ತದೆ. ಈಗ ಕಾಣುವುದು ಬರೀ ಬೆಳಕಿನ ಮಟ್ಟ, ಕಲರ್ ಮೋಡು ಅಳೆಯುವ ಅದೇ ಲೆಕ್ಕದಲ್ಲಿ.

ಚೌಕದ ಬೂದಿಗೂ ಸೀರೆಯ ನಡುಬೆಳಕಿನ ಬೂದಿಗೂ ಹೆಚ್ಚು ವ್ಯತ್ಯಾಸ ಕಾಣದಿದ್ದರೆ ಕಲರ್ ಅಥವಾ ಹ್ಯೂ ಸಾಕು. ಅಂಕಿಯಲ್ಲಿ ಹೇಳುವುದಾದರೆ ಮೂವತ್ತು ನಲವತ್ತರೊಳಗಿನ ಅಂತರ ನಡೆಯುತ್ತದೆ. ಚೌಕ ಸೀರೆಗಿಂತ ಬಹಳ ಕಪ್ಪಾಗಿದ್ದು ಬಟ್ಟೆ ಬಿಳಿಯೋ ತಿಳಿ ಬೂದೋ ಆಗಿದ್ದರೆ ಮಲ್ಟಿಪ್ಲೈ. ಚೌಕ ಸೀರೆಗಿಂತ ಬಹಳ ತಿಳಿಯಾಗಿದ್ದರೆ ನಾಲ್ಕರಲ್ಲಿ ಯಾವುದೂ ಒಂಟಿಯಾಗಿ ಸಾಲದು, ಮೊದಲು ಬಟ್ಟೆಯನ್ನೇ ಬೆಳಗಿಸಬೇಕು. ಪರೀಕ್ಷೆ ಮುಗಿದ ಮೇಲೆ ಬೂದು ಲೇಯರಿನ ಕಣ್ಣು ಮುಚ್ಚಿಡಿ, ಮುಂದಿನ ಬಣ್ಣಕ್ಕೆ ಮತ್ತೆ ಬೇಕಾಗುತ್ತದೆ.

ಬಿಳಿ ತೆನೆ ಇದ್ದಾಗ ಹ್ಯೂ

ಕಲರ್, ಹ್ಯೂ ಎರಡೂ ಬೆಳಕನ್ನು ಮುಟ್ಟುವುದಿಲ್ಲ. ಹಾಗಿದ್ದರೆ ಎರಡರಲ್ಲಿ ಯಾವುದು? ಇದನ್ನು ತೀರ್ಮಾನಿಸುವುದು ಬಟ್ಟೆಯ ನೇಯ್ಗೆ.

ಅದೇ ಸೀರೆಯ ಸೆರಗಿಗೆ ಬನ್ನಿ. ತೆನೆಯ ಬಿಳಿ ಫೋಟೊದಲ್ಲಿ ಅಚ್ಚ ಬಿಳಿಯಾಗಿ ಬಂದಿರುವುದಿಲ್ಲ. R 205, G 198, B 185ರಂತಹ ಕೆನೆ ಬಿಳಿ ಆಗಿರುತ್ತದೆ. ಕೆಂಪು ಸೆರಗನ್ನು ನವಿಲು ಹಸಿರು ಮಾಡಲು ಕಲರ್ ಹಾಕಿದರೆ ತೆನೆ R 133, G 228, B 218 ಆಗುತ್ತದೆ, ಎದ್ದು ಕಾಣುವ ತಿಳಿಹಸಿರು. ಹೀಗಾದರೆ ಬಿಳಿಯ ತೆನೆ ಇರುವ ಸೆರಗಿನ ಗುರುತೇ ಹೋಯಿತು. ಹ್ಯೂ ಹಾಕಿದರೆ ಅದೇ ತೆನೆ R 185, G 205, B 203, ತುಸು ತಣ್ಣಗಿನ ಬಿಳಿ. ನೋಡುವವರಿಗೆ ಬಿಳಿಯೆಂದೇ ಕಾಣುತ್ತದೆ. ಒಂದೊಂದು ತೆನೆಯ ಅಂಚನ್ನೂ ಮಾಸ್ಕಿನಲ್ಲಿ ಬಿಡಿಸುವ ಕೆಲಸ ತಪ್ಪುತ್ತದೆ.

ಜರಿಯ ವಿಷಯ ಬೇರೆ. ಜರಿ ಹೊನ್ನಿನ ಬಣ್ಣದ್ದು, ಅದಕ್ಕೆ ತೀವ್ರತೆ ಸಾಕಷ್ಟಿದೆ. ಹ್ಯೂ ಅದನ್ನೂ ಹಸಿರು ಮಾಡಿಬಿಡುತ್ತದೆ. ಆದ್ದರಿಂದ ಜರಿ ದಡಿಯನ್ನು ಮಾಸ್ಕಿನಿಂದ ಹೊರಗಿಡಲೇಬೇಕು. Select ಮೆನುವಿನ Color Range ತೆರೆದು ಜರಿಯ ಮೇಲೆ ಒತ್ತಿದರೆ ಹೊನ್ನಿನ ಎಳೆಗಳು ಬಹುಪಾಲು ಹಿಡಿತಕ್ಕೆ ಬರುತ್ತವೆ. ಬಿಟ್ಟುಹೋದದ್ದನ್ನು ಕಪ್ಪು ಬ್ರಷ್ಷಿನಿಂದ ಮಾಸ್ಕಿನ ಮೇಲೆ ಸರಿಪಡಿಸಬಹುದು.

ಹ್ಯೂವಿನ ಮಿತಿಯೂ ಇಲ್ಲೇ ಇದೆ. ಮೂಲ ಬಟ್ಟೆ ಮಾಸಲಾಗಿದ್ದರೆ ಹೊಸ ಬಣ್ಣವೂ ಮಾಸಲಾಗಿಯೇ ಬರುತ್ತದೆ. ಅಂಥ ಬಟ್ಟೆಗೆ ಕಲರ್ ಬೇಕು. ಒಂದೇ ಬಣ್ಣದ, ಹೊಳಪಿಲ್ಲದ ಹತ್ತಿ ಬಟ್ಟೆಗೆ ಕಲರ್ ಒಳ್ಳೆಯ ಫಲ ಕೊಡುತ್ತದೆ. ರೇಷ್ಮೆಗೆ ಅದು ಕೃತಕವಾಗಿ ಕಾಣುತ್ತದೆ, ಏಕೆಂದರೆ ರೇಷ್ಮೆಯ ಮಡಿಕೆಯ ಮೇಲಿನ ಹೊಳಪು ಬಿಳಿಗೆ ಹತ್ತಿರ ಇರಬೇಕು. ಕಲರ್ ಅಲ್ಲಿಗೂ ಬಣ್ಣ ತುಂಬಿದಾಗ ಸೀರೆ ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ. ಕಲರ್ ಬಿಡಲಾಗದಿದ್ದರೆ ಬಣ್ಣದ ಲೇಯರಿನ ಹೆಸರಿನ ಪಕ್ಕದ ಖಾಲಿ ಜಾಗದಲ್ಲಿ ಎರಡು ಸಲ ಒತ್ತಿ Blend If ತೆರೆಯಿರಿ. Underlying Layer ಪಟ್ಟಿಯ ಬಿಳಿ ಗುಂಡಿಯನ್ನು Alt ಒತ್ತಿಕೊಂಡು ಎರಡಾಗಿ ಸೀಳಿ, ಒಂದರ್ಧವನ್ನು 200ರ ಹತ್ತಿರ, ಇನ್ನೊಂದನ್ನು 245ರ ಹತ್ತಿರ ಇಡಿ. ಹೊಳಪಿರುವ ಕಡೆ ಬಣ್ಣ ಮೆಲ್ಲಗೆ ಕರಗಿ ಮೂಲ ಹೊಳಪು ಹೊರಗೆ ಬರುತ್ತದೆ.

ಹಾಸಿಗೆ ಒಂದು ಬಣ್ಣ, ಹೊಕ್ಕಿಗೆ ಇನ್ನೊಂದು ಬಣ್ಣದ ನೂಲು ಹಾಕಿ ನೇಯ್ದ ಸೀರೆ ತಿರುಗಿಸಿದಂತೆಲ್ಲ ಬಣ್ಣ ಬದಲಿಸುತ್ತದೆ. ಅದಕ್ಕೆ ಕಲರೂ ಬೇಡ, ಹ್ಯೂವೂ ಬೇಡ. ಎರಡೂ ಸೀರೆಯನ್ನು ಒಂದೇ ವರ್ಣಕ್ಕೆ ತಂದು ಆ ಚೆಲುವನ್ನು ಅಳಿಸುತ್ತವೆ. ಅಲ್ಲಿ Hue/Saturation ಅಡ್ಜಸ್ಟ್‌ಮೆಂಟಿನ ಹ್ಯೂ ಗುಂಡಿಯನ್ನು ಸರಿಸಿ. ಅದು ಎರಡೂ ಬಣ್ಣಗಳನ್ನು ಒಟ್ಟಿಗೆ ತಿರುಗಿಸುತ್ತದೆ, ನಡುವಿನ ಅಂತರ ಉಳಿಯುತ್ತದೆ.

ಬಿಳಿ ಬಟ್ಟೆಗೆ ಮಲ್ಟಿಪ್ಲೈ

ಲಕ್ಷ್ಮೇಶ್ವರದ ಬಟ್ಟೆ ಅಂಗಡಿಯವರು ಬಿಳಿ ಜುಬ್ಬಾದ ಫೋಟೊ ಕೊಟ್ಟು ನಾಲ್ಕಾರು ಬಣ್ಣಗಳಲ್ಲಿ ಕೇಳಿದರೆ ಅದು ಎಲ್ಲಕ್ಕಿಂತ ಸುಲಭದ ಕೆಲಸ. ಜುಬ್ಬಾದ ಬೆಳಕಿನ ಭಾಗ R 240, G 235, B 225 ಇದೆ, ಮಡಿಕೆಯ ನೆರಳು R 150, G 145, B 140 ಇದೆ. ಇದರ ಮೇಲೆ R 230, G 170, B 20ರ ಹಳದಿಯನ್ನು ಮಲ್ಟಿಪ್ಲೈ ಮಾಡಿದರೆ ಬೆಳಕಿನ ಭಾಗ R 216, G 157, B 18 ಆಗುತ್ತದೆ, ನೆರಳು R 135, G 97, B 11 ಆಗುತ್ತದೆ. ನೆರಳು ಬೆಳಕಿನ ಅನುಪಾತ ಕೆಡದೆ ಬಟ್ಟೆ ನಿಜವಾಗಿ ಅದ್ದಿ ತೆಗೆದಂತೆ ಕಾಣುತ್ತದೆ.

ಇಲ್ಲಿ ಗಮನಿಸಬೇಕಾದ್ದು ಒಂದೇ. ಫಲ ಯಾವಾಗಲೂ ಆರಿಸಿದ ಬಣ್ಣಕ್ಕಿಂತ ಕಪ್ಪು. ಆದ್ದರಿಂದ ಗಿರಾಕಿ ತೋರಿಸಿದ ಬಣ್ಣಕ್ಕಿಂತ ಒಂದು ಮೆಟ್ಟಿಲು ತಿಳಿಯಾದದ್ದನ್ನು ಹಾಕಿ. ಜುಬ್ಬಾ ಫೋಟೊದಲ್ಲೇ ಮಬ್ಬಾಗಿದ್ದರೆ ಮೊದಲು Levels ಇಂದ ಅದರ ಬೆಳಕಿನ ಭಾಗವನ್ನು 240ರ ಹತ್ತಿರಕ್ಕೆ ತನ್ನಿ. ಅದರಾಚೆಗೆ ಒಯ್ದು 255 ಮುಟ್ಟಿಸಿದರೆ ನೇಯ್ಗೆ ಅಳಿದುಹೋಗಿ ಹಳದಿ ಪಟ್ಟೆಯಷ್ಟೇ ಉಳಿಯುತ್ತದೆ.

ಮರೂನನ್ನು ಹಳದಿ ಮಾಡುವ ದಾರಿ

ಅರ್ಧಕ್ಕೆ ಬಿಟ್ಟಿದ್ದ ಅರಿಸಿನ ಸೀರೆಗೆ ಈಗ ಮರಳಬಹುದು. ಉಪಾಯ ಇಷ್ಟೇ: ಮರೂನ್ ಸೀರೆಯನ್ನು ಮೊದಲು ಬಿಳಿ ಸೀರೆ ಮಾಡಿ, ಆಮೇಲೆ ಮಲ್ಟಿಪ್ಲೈ ಮಾಡಿ.

ಮೊದಲಿಗೆ ಒಡಲಿನ ಸೆಲೆಕ್ಷನ್ ಮಾಡಿ ಒಂದು ಗ್ರೂಪ್ ತೆರೆದು, ಮಾಸ್ಕನ್ನು ಗ್ರೂಪಿಗೇ ಕೊಡಿ. ಗ್ರೂಪಿನ ಮೋಡು Pass Through ಆಗಿಯೇ ಇರಲಿ. ಅದು Normal ಆದರೆ ಒಳಗಿನ ಬಣ್ಣ ಕೆಳಗಿನ ಫೋಟೊದೊಂದಿಗೆ ಬೆರೆಯದೆ ಮುಚ್ಚಳದಂತೆ ಕೂರುತ್ತದೆ.

ಗ್ರೂಪಿನೊಳಗೆ ಮೊದಲು Black & White ಅಡ್ಜಸ್ಟ್‌ಮೆಂಟ್ ಹಾಕಿ Reds ಗುಂಡಿಯನ್ನು ಮೇಲಕ್ಕೆ ಸರಿಸಿ. ಮರೂನಿನಲ್ಲಿ ಹಸಿರು, ನೀಲಿ ಚಾನೆಲ್‌ಗಳು 25, 40ರಲ್ಲಿ ಮುಳುಗಿದ್ದರೂ ಕೆಂಪು ಚಾನೆಲ್ 120ರಲ್ಲಿದೆ. ನೆರಿಗೆಯ ವಿವರವೆಲ್ಲ ಉಳಿದಿರುವುದು ಅದರಲ್ಲೇ. ಸುಮ್ಮನೆ ಬಣ್ಣ ತೆಗೆದರೆ ಆ ವಿವರ ಸಿಗುವುದಿಲ್ಲ. ಅದರ ಮೇಲೆ Levels ಹಾಕಿ ಬಿಳಿ ಗುಂಡಿಯನ್ನು ಎಡಕ್ಕೆ ತಂದು, ಬಟ್ಟೆಯ ನಡುಬೆಳಕು 215ರಿಂದ 230ರವರೆಗೆ, ಹೊಳಪು 245 ಮೀರದಂತೆ ನಿಲ್ಲಿಸಿ. ಕೊನೆಗೆ ಅರಿಸಿನದ Solid Color ಅನ್ನು Multiply ಮಾಡಿ. ನಡುಬೆಳಕು 230 ಇದ್ದರೆ R 212, G 162, B 27 ಸಿಗುತ್ತದೆ. ಹಿಂದಿನ ಕೆಸರಿಗೂ ಇದಕ್ಕೂ ಹೋಲಿಕೆಯೇ ಇಲ್ಲ.

ಇದಕ್ಕೂ ಒಂದು ಎಲ್ಲೆ ಇದೆ. ಕಪ್ಪು ಭಾಗವನ್ನು ಇಷ್ಟು ಎಳೆದಾಗ ಫೋಟೊದ ಕಾಳುಕಾಳು ಮೇಲೆದ್ದು ಬರುತ್ತದೆ. ವಾಟ್ಸಾಪಿನಲ್ಲಿ ಬಂದ ಚಿತ್ರವಾದರೆ ಒತ್ತಿ ಸಣ್ಣದಾಗಿಸಿದ ಚೌಕಗಳೂ ಕಾಣುತ್ತವೆ. ಚಿತ್ರವನ್ನು ಶೇ. 100ರಷ್ಟು ದೊಡ್ಡದು ಮಾಡಿ ನೆರಿಗೆಯ ನೆರಳನ್ನು ನೋಡಿ. ಅಲ್ಲಿ ಚೌಕಗಳಿದ್ದರೆ ಫೋನಿನಿಂದ ಮೂಲ ಫೈಲನ್ನು ಡಾಕ್ಯುಮೆಂಟ್ ಆಗಿ ತರಿಸಿಕೊಳ್ಳಿ. ಚಂದ್ರಕಾಳಿಯಂತಹ ಕಪ್ಪು ಸೀರೆಯನ್ನು ಹಳದಿ ಮಾಡಿಕೊಡಿ ಎಂದರೆ ಒಪ್ಪಿಕೊಳ್ಳಬೇಡಿ. ಅದರಲ್ಲಿ ಮೇಲೆತ್ತಲು ಬೇಕಾದ ವಿವರ ಯಾವ ಚಾನೆಲ್ಲಿನಲ್ಲೂ ಇರುವುದಿಲ್ಲ. ಹೀಗಾಗಿ ಹಲವು ಬಣ್ಣ ಬೇಕಾಗುತ್ತವೆ ಎಂದು ಮೊದಲೇ ಗೊತ್ತಿದ್ದರೆ ತಿಳಿ ಬಣ್ಣದ ಸೀರೆಯನ್ನೇ ಉಡಿಸಿ ಫೋಟೊ ತೆಗೆಯುವುದು ಲೇಸು. ತಿಳಿಯಿಂದ ಕಡುವಿಗೆ ಹೋಗುವುದು ಸುಲಭ, ಕಡುವಿನಿಂದ ತಿಳಿಗೆ ಬರುವುದು ಕಷ್ಟ.

ಸಾಫ್ಟ್ ಲೈಟಿನ ಜಾಗ

ಶಿರಹಟ್ಟಿಯ ಮನೆಯೊಂದರ ಹಳೆಯ ಮದುವೆ ಫೋಟೊದಲ್ಲಿ ಕೆಂಪು ಸೀರೆ ಮಾಸಿ ಇಟ್ಟಿಗೆ ಬಣ್ಣಕ್ಕೆ ತಿರುಗಿದೆ ಎನ್ನಿ. ಅಲ್ಲಿ ಬಣ್ಣ ಬದಲಿಸಬೇಕಿಲ್ಲ, ಇದ್ದ ಬಣ್ಣಕ್ಕೆ ಜೀವ ಬರಬೇಕು. ಅದೇ ಕೆಂಪಿನ ಲೇಯರನ್ನು Soft Light ಮಾಡಿ, ಒಪ್ಯಾಸಿಟಿಯನ್ನು ಸೊನ್ನೆಯಿಂದ ಮೆಲ್ಲಗೆ ಏರಿಸಿ. ಶೇ. 20ರಿಂದ 30ರೊಳಗೆ ಸಾಮಾನ್ಯವಾಗಿ ಸಾಕಾಗುತ್ತದೆ. ಕಲರ್ ಮೋಡಿನಲ್ಲಿ ಬದಲಿಸಿದ ಸೀರೆ ಚಪ್ಪಟೆಯಾಗಿ ಕಂಡರೂ ಇದೇ ಮದ್ದು: ಅದೇ ಬಣ್ಣದ ಇನ್ನೊಂದು ಲೇಯರ್ ಅದರ ಮೇಲೆ, ಸಾಫ್ಟ್ ಲೈಟಿನಲ್ಲಿ.

ಕೊಡುವ ಮುನ್ನ ನೋಡಬೇಕಾದ ಜಾಗಗಳು

ಮೋಡು ಸರಿಯಾಗಿದ್ದರೂ ಚಿತ್ರ ಸುಳ್ಳಾಗಿ ಕಂಡರೆ ಮೊದಲು ಅಂಚುಗಳನ್ನು ನೋಡಿ. ಕೂದಲು, ಬಳೆ, ಬೆರಳಿನ ಸುತ್ತ ಹಳೆಯ ಕೆಂಪಿನ ಗೆರೆ ಉಳಿದಿರುತ್ತದೆ. ಮಾಸ್ಕನ್ನು ಒಂದೆರಡು ಪಿಕ್ಸೆಲ್ ಹೊರಕ್ಕೆ ಹಿಗ್ಗಿಸಿ ಒಂದು ಪಿಕ್ಸೆಲ್ ಮೆದು ಮಾಡಿದರೆ ಅದು ಹೋಗುತ್ತದೆ. ಆಮೇಲೆ ಗದ್ದದ ಕೆಳಗೆ, ಮುಂಗೈಯ ಒಳಬದಿಯಲ್ಲಿ ನೋಡಿ. ಕೆಂಪು ಸೀರೆಯ ಬೆಳಕು ಚರ್ಮದ ಮೇಲೆ ಬಿದ್ದಿರುತ್ತದೆ. ಹಸಿರು ಸೀರೆಯ ಮೇಲೆ ಕೆಂಪು ಗದ್ದ ಇದ್ದರೆ ಕಾರಣ ತಿಳಿಯದಿದ್ದರೂ ನೋಡುವವರಿಗೆ ಏನೋ ತಪ್ಪಿದೆ ಅನ್ನಿಸುತ್ತದೆ. ಆ ಜಾಗದಲ್ಲಿ ಕೆಂಪಿನ ತೀವ್ರತೆಯನ್ನು ಸ್ವಲ್ಪ ಇಳಿಸಿ.

ಚಿತ್ರ ಮುದ್ರಣಕ್ಕೆ ಹೋಗುವುದಾದರೆ ಬಣ್ಣ ಬದಲಿಸುವ ಕೆಲಸವನ್ನೆಲ್ಲ RGBಯಲ್ಲೇ ಮುಗಿಸಿ, ಲೇಯರುಗಳನ್ನು ಒಂದಾಗಿಸಿ, ಆಮೇಲೆ CMYKಗೆ ತಿರುಗಿಸಿ. ಲೇಯರುಗಳು ಬಿಡಿಯಾಗಿರುವಾಗಲೇ ತಿರುಗಿಸಿದರೆ ಬ್ಲೆಂಡಿಂಗ್ ಲೆಕ್ಕ ಬದಲಾಗಿ ಬಣ್ಣ ಸರಿಯುತ್ತದೆ. ಗಿಳಿ ಹಸಿರು, ನವಿಲು ನೀಲಿಯಂತಹ ಬಣ್ಣಗಳು ಹೇಗೂ ಶಾಯಿಯಲ್ಲಿ ಪರದೆಯಷ್ಟು ಹೊಳೆಯುವುದಿಲ್ಲ. ಕೆಟಲಾಗ್ ಮಾಡಿಸುವವರಿಗೆ ಅದನ್ನು ಮುಂಚೆಯೇ ಹೇಳಿ. ಗಿಂಪ್ ಬಳಸುವವರು LCh Color, LCh Hue ಆರಿಸಬೇಕು. ಅಲ್ಲಿನ HSL Color ಬೆಳಕನ್ನು ಬೇರೆ ಲೆಕ್ಕದಲ್ಲಿ ಅಳೆಯುವುದರಿಂದ ಇಲ್ಲಿ ಹೇಳಿದ ಫಲ ಸಿಗದು. ಫೋಟೊಪಿಯಾದಲ್ಲಿ ಹೆಸರುಗಳು ಫೋಟೊಶಾಪಿನಂತೆಯೇ ಇವೆ.

ಬಣ್ಣವನ್ನು ಪರದೆಯ ಪಟ್ಟಿಯಿಂದ ಆರಿಸುವುದಕ್ಕಿಂತ ನೂಲಿನಿಂದಲೇ ಆರಿಸುವುದು ಒಳ್ಳೆಯದು. ನೇಯಲಿರುವ ಬಣ್ಣದ ನೂಲಿನ ಲಡಿಯನ್ನು ಸೀರೆಯ ಫೋಟೊ ತೆಗೆದ ಅದೇ ಬೆಳಕಿನಲ್ಲಿ ಒಂದು ಫೋಟೊ ತೆಗೆದು, ಐಡ್ರಾಪರನ್ನು ಅದರ ನಡುಬೆಳಕಿನ ಮೇಲೆ ಇಡಿ. ಮುಂಡರಗಿಯ ಅಂಗಡಿಯವರು ಸೀರೆಯನ್ನು ಮುಟ್ಟಿ ನೋಡಿಲ್ಲ, ಚಿತ್ರ ನಂಬಿ ಹಣ ಕಳಿಸುತ್ತಾರೆ. ಆದ್ದರಿಂದ ಬದಲಿಸಿದ ಚಿತ್ರದ ಕೆಳಗೆ "ಬಣ್ಣ ಕಂಪ್ಯೂಟರಿನಲ್ಲಿ ಬದಲಿಸಿದ್ದು" ಎಂದು ಬರೆದು, ಆ ಲಡಿಯ ಫೋಟೊವನ್ನೂ ಜೊತೆಗೆ ಕಳಿಸಿ. ಗಂಟು ಬಿಚ್ಚಿದ ದಿನ ಅವರು ಹೋಲಿಸಿ ನೋಡುವುದು ಆ ನೂಲಿನ ಬಣ್ಣವನ್ನೇ.